ಬಿಸಿ ಸಗಣಿಗೆ ಎರೆಹುಳು ಬಿಡಬೇಡಿ

ಎರೆಗೊಬ್ಬರ ಮಾಡಿ ಅಪಾರ್ಟ್‌ಮೆಂಟಿನವರಿಗೆ ಮಾರುತ್ತೇವೆ ಅಂತ ಹೊರಟವರು ಹೆಚ್ಚಾಗಿ ಸೋಲುವುದು ಮೊದಲ ವಾರದಲ್ಲೇ. ನಾನೂ ಸೋತಿದ್ದೆ. ಮಂಡ್ಯದ ಹತ್ತಿರ ನಮ್ಮ ಎರಡು ಗುಂಟೆಯಲ್ಲಿ ಮೊದಲ ತೊಟ್ಟಿಗೆ ಹಸಿ ಸಗಣಿ ತುಂಬಿ, ಅವತ್ತೇ ಮೂರು ಕೆಜಿ ಹುಳು ಬಿಟ್ಟೆ. ಬೆಳಿಗ್ಗೆ ನೋಡಿದರೆ ಅರ್ಧ ಹುಳು ಗೋಡೆ ಹತ್ತಿ ಹೊರಗೆ ಬಿದ್ದಿದ್ದವು, ಉಳಿದವು ಒಳಗೇ ಬೆಂದಿದ್ದವು.

ಹಸಿ ಸಗಣಿ ರಾಶಿ ಹಾಕಿದರೆ ಒಳಗೆ ಕೊಳೆಯುತ್ತಾ ಐವತ್ತು ಡಿಗ್ರಿ ದಾಟುತ್ತದೆ. ಹುಳುವಿಗೆ ಮೂವತ್ತೈದೇ ಜಾಸ್ತಿ. ಅದಕ್ಕೇ ಸಗಣಿಯನ್ನು ಮೊದಲು ತೊಟ್ಟಿಯ ಹೊರಗೆ, ನೆರಳಲ್ಲಿ, ಕತ್ತರಿಸಿದ ಕಬ್ಬಿನ ಸೋಗೆ ಜೊತೆ ಬೆರೆಸಿ ರಾಶಿ ಹಾಕಿ. ಆಗಾಗ ನೀರು ಚಿಮುಕಿಸಿ, ನಾಲ್ಕೈದು ದಿನಕ್ಕೊಮ್ಮೆ ಮಗುಚಿ. ಹದಿನೈದು ಇಪ್ಪತ್ತು ದಿನ ಬೇಕು. ಮೇಲೆ ಮುಟ್ಟಿ ತಣ್ಣಗಿದೆ ಅಂದುಕೊಳ್ಳಬೇಡಿ, ಮೊಳಕೈವರೆಗೆ ಕೈ ತೂರಿಸಿ ನೋಡಿ. ಮಗುಚಿದ ಮೇಲೂ ಮತ್ತೆ ಬಿಸಿ ಏರದಿದ್ದರೆ ಸರಿ. ಅದೂ ಸಾಲದು ಅಂದರೆ ಒಂದು ಕುಂಡಕ್ಕೆ ಆ ಗೊಬ್ಬರ ತುಂಬಿ ಹತ್ತು ಹುಳು ಬಿಡಿ. ಬೆಳಿಗ್ಗೆಗೆ ಹುಳು ಒಳಗೆ ಇಳಿದು ಆರಾಮಾಗಿದ್ದರೆ ತೊಟ್ಟಿ ತುಂಬಿ, ಮೇಲೆ ಅಂಟಿಕೊಂಡಿದ್ದರೆ ಇನ್ನೊಂದು ವಾರ ಕಾಯಿರಿ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್, ಅಗ್ಗಕ್ಕೆ ಸಿಗುತ್ತೆ, ಆದರೆ ಅದು ಸಗಣಿಗಿಂತ ಜಾಸ್ತಿ ದಿನ ಕುದಿಯುತ್ತದೆ. ರೇಷ್ಮೆ ಮನೆಯ ಕಸ ಒಳ್ಳೆಯದೇ, ಆದರೆ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಾರಾ ಅಂತ ಕೇಳಿಯೇ ತನ್ನಿ.

ಆಮೇಲಿನದು ಸುಲಭ. ನೆರಳು, ಮೇಲೆ ಒದ್ದೆ ಗೋಣಿಚೀಲ, ಇರುವೆ ಬರದ ಹಾಗೆ ಸುತ್ತ ನೀರಿನ ಕಾಲುವೆ. ಒಂದು ಹಿಡಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇದ್ದರೆ ಸಾಕು. ಎರಡು ತಿಂಗಳು ಹೊತ್ತಿಗೆ ಟೀ ಪುಡಿಯ ಹಾಗೆ ಉದುರುತ್ತದೆ.

ಎರಡನೇ ಎಡವಟ್ಟು ಚೀಲ ಕಟ್ಟುವಾಗ. ತೆಗೆಯುವುದಕ್ಕೆ ನಾಲ್ಕೈದು ದಿನ ಮುಂಚೆ ನೀರು ನಿಲ್ಲಿಸಿ, ಗೊಬ್ಬರವನ್ನು ಗುಡ್ಡೆ ಮಾಡಿ. ಹುಳು ಬೆಳಕಿಗೆ ಹೆದರಿ ಅಡಿಗೆ ಇಳಿಯುತ್ತವೆ, ಮೇಲಿನಿಂದ ಎತ್ತಿ ಜರಡಿ ಹಿಡಿಯಬಹುದು. ಇಷ್ಟು ಮಾಡದೆ ಒದ್ದೆ ಗೊಬ್ಬರವನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೈಸೂರಿನ ಒಂದು ಅಪಾರ್ಟ್‌ಮೆಂಟಿಗೆ ಕೊಟ್ಟಿದ್ದೆ. ಮೂರನೇ ದಿನ ಒಬ್ಬ ಅಮ್ಮ ಫೋನ್ ಮಾಡಿ, "ಏನಪ್ಪಾ, ಬಾಲ್ಕನಿ ತುಂಬ ನಾತ, ಸಣ್ಣ ನೊಣ ಬೇರೆ" ಅಂದರು. ಚೀಲವನ್ನೂ ದುಡ್ಡನ್ನೂ ವಾಪಸ್ ಮಾಡಿದೆ. ಈಗ ನೆರಳಲ್ಲಿ ಎರಡು ದಿನ ಹರಡಿ, ಕೈಗೆ ಅಂಟದಷ್ಟು ಆರಿಸುತ್ತೇನೆ. ಬಿಸಿಲಿಗೆ ಹಾಕಿ ಪುಡಿಪುಡಿ ಮಾಡಬೇಡಿ, ಸ್ವಲ್ಪ ತಂಪು ಉಳಿದಿರಬೇಕು. ಚೀಲಕ್ಕೆ ನಾಲ್ಕು ತೂತು ಕಡ್ಡಾಯ. ಎರಡು ಕೆಜಿ ಚೀಲವೇ ಇಡಿ, ಹತ್ತು ಕುಂಡ ಇರುವ ಮನೆಗೆ ಇಪ್ಪತ್ತು ಕೆಜಿ ಮೂಟೆ ಯಾಕೆ? ಮಳೆಗಾಲದಲ್ಲಿ ಆರುವುದು ತಡ, ಆಗ ಆರ್ಡರ್ ಕೊಟ್ಟವರ ಹತ್ತಿರ ಒಂದು ವಾರ ಜಾಸ್ತಿ ಕೇಳಿಕೊಳ್ಳಿ.