ಮೈಗೆ ಕಚ್ಚಿದ ಉಣುಗನ್ನು ಕೀಳುವುದು ಹೇಗೆ?

ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರುಹಣ್ಣು ಆರಿಸುವ ದಿನಗಳು ಬಂದರೆ, ಹಾವೇರಿ, ಗದಗ ಕಡೆಯಿಂದ ಬಂದು ನೆಲೆಸಿರುವ ನಮ್ಮವರು ಕೂಡ ತೋಟಕ್ಕೆ ಹೋಗುತ್ತಾರೆ. ಉದುರಿದ ಎಲೆಯ ನಡುವೆ ಬಗ್ಗಿ ಬಗ್ಗಿ ಹಣ್ಣು ಹೆಕ್ಕುವಾಗ ಉಣುಗು ಕಾಲಿಗೆ ಹತ್ತುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ 2015ರಲ್ಲಿ ಸತ್ತರಿಯ ಪಾಳಿ ಗ್ರಾಮದಲ್ಲೂ ಕಾಣಿಸಿಕೊಂಡಿತು. ಅದನ್ನು ಹರಡುವುದು ಈ ಉಣುಗೇ. ಹಾಗಾಗಿ ಇದನ್ನು ಸರಿಯಾಗಿ ಕೀಳುವುದು ಇಲ್ಲಿನ ಪ್ರತಿ ಮನೆಯಲ್ಲೂ ಗೊತ್ತಿರಬೇಕು.

ಮೊದಲ ಕೆಲಸ ಹುಡುಕುವುದು. ತೋಟದಿಂದ ಬಂದ ಕೂಡಲೇ ಬಟ್ಟೆ ಬಿಚ್ಚಿ ಬೇರೆ ಇಡಿ, ಸೋಪು ಹಚ್ಚಿ ಸ್ನಾನ ಮಾಡಿ. ಮಂಡಿಯ ಹಿಂಭಾಗ, ತೊಡೆಯ ಸಂದು, ಸೊಂಟದಲ್ಲಿ ಲಂಗದ ದಾರ ಬಿಗಿಯುವ ಜಾಗ, ಕಂಕುಳು, ಕಿವಿಯ ಹಿಂದೆ, ಕೂದಲಿನ ಅಂಚು, ಇಷ್ಟನ್ನೂ ಬೆಳಕಿನಲ್ಲಿ ನೋಡಿ. ಬೆನ್ನನ್ನು ಮನೆಯವರು ಯಾರಾದರೂ ನೋಡಲಿ. ದನದ ಮೈಮೇಲಿನ ದಪ್ಪ ಉಣ್ಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ತಪ್ಪಿ ಹೋಗುತ್ತದೆ. ಜನರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು, ಅದು ಎಳ್ಳಿನಷ್ಟೂ ಇರುವುದಿಲ್ಲ. ಹೊಸ ಮಚ್ಚೆ ಅಂತ ಕಂಡರೆ ಉಗುರಿನಿಂದ ಕೆರೆಯಬೇಡಿ. ಮೊಬೈಲ್ ಟಾರ್ಚ್ ಹಾಕಿ ನೋಡಿ, ಕಾಲುಗಳು ಕಾಣಿಸುತ್ತವೆ.

ನಮ್ಮ ಪಕ್ಕದ ಮನೆಯ ಅಕ್ಕನಿಗೆ ಹೀಗೇ ಮಂಡಿಯ ಹಿಂದೆ ಕಚ್ಚಿತ್ತು. ಅವರ ಅತ್ತೆ, "ಸೀಮೆಎಣ್ಣಿ ಹಚ್ಚವ್ವಾ, ತಾನಾಗೇ ಬಿಡ್ತೈತಿ" ಅಂದರು. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಆದರೆ ಅದು ಬೇಡ. ಕೊಬ್ಬರಿ ಎಣ್ಣೆ, ಸುಣ್ಣ, ನೇಲ್ ಪಾಲಿಶ್, ಉರಿಯುವ ಬೆಂಕಿಕಡ್ಡಿ, ಯಾವುದೂ ಬೇಡ. ಉಣುಗಿನ ಬಾಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಜೊತೆಗೆ ಅಂಟಿನಂಥ ಜೊಲ್ಲು ಬಿಟ್ಟು ಅದು ಚರ್ಮಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆ ಹಾಕಿದರೆ ಬೇಗ ಬಿಡುವುದಿಲ್ಲ. ಕೆಣಕಿದರೆ ಇನ್ನಷ್ಟು ಜೊಲ್ಲನ್ನು ಗಾಯದೊಳಗೆ ಬಿಡಬಹುದು, ರೋಗ ದಾಟುವುದೂ ಆ ಜೊಲ್ಲಿನ ಮೂಲಕವೇ. ಸಂಜೆವರೆಗೆ ನೋಡೋಣ ಅಂತ ಕಾಯುವುದೂ ತಪ್ಪು.

ಬೇಕಾಗುವುದು ಚೂಪು ತುದಿಯ ಚಿಮಟ ಒಂದೇ. ಹುಬ್ಬು ಕೀಳುವ ಪ್ಲಕರ್‌ನ ತುದಿ ಸಣ್ಣಗಿದ್ದರೆ ಅದೂ ಆಗುತ್ತದೆ. ಅಕ್ಕ ಮಂಚದ ಮೇಲೆ ಬೋರಲು ಮಲಗಿದರು, ಮಗಳು ಟಾರ್ಚ್ ಹಿಡಿದಳು. ಉಣುಗಿನ ಹೊಟ್ಟೆಯನ್ನು ಹಿಡಿಯಬಾರದು. ಒತ್ತಿದರೆ ಒಳಗಿರುವುದೆಲ್ಲ ಗಾಯಕ್ಕೆ ಇಳಿಯಬಹುದು. ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ, ತಲೆಯ ಹತ್ತಿರವೇ ಹಿಡಿಯಬೇಕು. ಆಮೇಲೆ ನೇರವಾಗಿ ಮೇಲಕ್ಕೆ, ಒಂದೇ ಸಮನೆ ಎಳೆಯಬೇಕು. ತಿರುಚಬೇಡಿ, ಒಮ್ಮೆಲೇ ಜಗ್ಗಬೇಡಿ. ಚರ್ಮ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಆಗ ಗಾಬರಿಯಾಗಿ ಬಿಡದೆ ಹಾಗೇ ಹಿಡಿದಿರಿ. ಕೆಲವು ಕ್ಷಣದಲ್ಲಿ ಅದರ ಹಿಡಿತ ಸಡಿಲಾಗಿ ಬಿಟ್ಟುಬರುತ್ತದೆ. ಚಿಮಟ ಇಲ್ಲವೇ ಇಲ್ಲ ಅಂದರೆ ಬೆರಳಿಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು ಇದೇ ರೀತಿ ಕೀಳಿ, ಬರಿಗೈಯಲ್ಲಿ ಬೇಡ.

ಕಿತ್ತ ಮೇಲೆ ಗಾಯದಲ್ಲಿ ಕಪ್ಪು ಚುಕ್ಕೆ ಕಂಡರೆ ಬಾಯಿಯ ತುಂಡು ಉಳಿದಿದೆ ಅಂತ ಅರ್ಥ. ಚಿಮಟಕ್ಕೆ ಸುಲಭವಾಗಿ ಸಿಕ್ಕರೆ ತೆಗೆಯಿರಿ. ಸಿಗದಿದ್ದರೆ ಸೂಜಿ ಹಾಕಿ ಬಗೆಯಬೇಡಿ, ಚರ್ಮವೇ ಅದನ್ನು ಹೊರಗೆ ತಳ್ಳುತ್ತದೆ. ಬಗೆದರೆ ಗಾಯ ಕೀವಾಗುವ ಸಾಧ್ಯತೆಯೇ ಹೆಚ್ಚು.

ಗಾಯವನ್ನು, ಕೈಯನ್ನು ಸೋಪು ನೀರಿನಿಂದ ತೊಳೆದು ಸ್ಪಿರಿಟ್ ಹಚ್ಚಿ. ಉಣುಗನ್ನು ಉಗುರಿನಲ್ಲಿ ಕುಕ್ಕಬೇಡಿ. ಸಣ್ಣ ಬಾಟಲಿಗೆ ಸ್ಪಿರಿಟ್ ಹಾಕಿ ಅದರಲ್ಲಿ ಮುಳುಗಿಸಿ, ಇಲ್ಲವೇ ಅಂಟುಪಟ್ಟಿಯಲ್ಲಿ ಮಡಚಿ ಮುಚ್ಚಿ. ಕಚ್ಚಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಕ್ಕ ಬರೆದದ್ದು ಹಾಲಿನ ಲೆಕ್ಕದ ಪಕ್ಕದಲ್ಲಿ.

ಕಚ್ಚಿದ ಜಾಗ ಒಂದೆರಡು ದಿನ ಕೆಂಪಾಗಿ ತುರಿಸಿದರೆ ಹೆದರಬೇಕಾಗಿಲ್ಲ. ಗಮನ ಇಡಬೇಕಾದದ್ದು ಜ್ವರದ ಮೇಲೆ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದೊಳಗೆ ಒಮ್ಮೆಲೇ ಜೋರಾಗಿ ಏರುತ್ತದೆ, ತಲೆ ಸಿಡಿಯುತ್ತದೆ, ಮೈಕೈ ನೋಯುತ್ತದೆ. ಹೀಗಾದರೆ, ಅಥವಾ ಮೈಮೇಲೆ ಗುಳ್ಳೆ ಎದ್ದರೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ವಸಡಿನಿಂದಲೋ ಮೂಗಿನಿಂದಲೋ ರಕ್ತ ಬಂದರೆ ಒಂದು ಗಂಟೆಯೂ ಕಾಯಬೇಡಿ. ಸುಮ್ನೆ "ಜ್ವರ" ಅನ್ನಬೇಡಿ. "ಗೇರು ತೋಟದಲ್ಲಿ ಕೆಲಸ ಮಾಡ್ತೀನಿ, ಇಂಥ ದಿನ ಉಣುಗು ಕಚ್ಚಿತ್ತು" ಅಂತ ಡಾಕ್ಟರಿಗೆ ಹೇಳಿ, ಬಾಟಲಿಯನ್ನೂ ತೋರಿಸಿ. ಅವರನ್ನು ಕಾಣುವ ಮೊದಲು ಮೆಡಿಕಲ್ ಶಾಪಿನಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬೇಡಿ, ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.