ಮೂಗಿಲ್ಲದ ಹೆಸರುಕಾಳಿನಿಂದ ಶುರು ಮಾಡಿದರೆ ಗೊಂದಲ ಹರಿಯುತ್ತದೆ: ನನ್ನ ಅನುಭವ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠ ಮಾಡುವವರಿಗೆಲ್ಲ ಈ ತೊಡಕು ಗೊತ್ತಿದೆ. ಶ್ವಾಸೋಚ್ಛ್ವಾಸಕ್ಕೂ ಕೋಶೀಯ ಉಸಿರಾಟಕ್ಕೂ ಇರುವ ವ್ಯತ್ಯಾಸ ಬರೆಯಿರಿ ಎಂದರೆ ಮಕ್ಕಳು ಎರಡು ಕಾಲಂ ಹಾಕಿ ಚೆಂದವಾಗಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಅದೇ ಮಕ್ಕಳಿಗೆ ‘ಉಸಿರು ಬಿಗಿಹಿಡಿದಾಗ ನಿನ್ನ ಸ್ನಾಯುವಿನ ಕೋಶದಲ್ಲಿ ಉಸಿರಾಟ ನಡೆದಿರುತ್ತದೋ ನಿಂತಿರುತ್ತದೋ’ ಎಂದು ಕೇಳಿ ನೋಡಿ. ಮುಕ್ಕಾಲು ಪಾಲು ಕೈಗಳು ‘ನಿಂತಿರುತ್ತದೆ’ ಎಂದೇ ಏಳುತ್ತವೆ.

ಇದಕ್ಕೆ ಕಾರಣ ನಾವು ಪಾಠ ಶುರು ಮಾಡುವ ಜಾಗ. ಸುಣ್ಣದ ತಿಳಿನೀರಿಗೆ ಬಾಯಿಂದ ಊದಿಸಿ, ಅದು ಹಾಲಿನಂತೆ ಆದದ್ದನ್ನು ತೋರಿಸಿ, ‘ನೋಡಿ, ಉಸಿರಾಟದಲ್ಲಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ’ ಎನ್ನುತ್ತೇವೆ. ಮಗುವಿನ ಕಣ್ಣಿಗೆ ಕಂಡದ್ದು ಬಾಯಿ ಮತ್ತು ಎದೆ. ಅಲ್ಲಿಗೆ ಉಸಿರಾಟ ಎಂದರೆ ಎದೆಯ ಕೆಲಸ ಎಂದು ಗಟ್ಟಿಯಾಗುತ್ತದೆ. ಹಾಗಾಗಿ ನಾನು ಮೂಗು, ಬಾಯಿ, ಶ್ವಾಸಕೋಶ ಯಾವುದೂ ಇಲ್ಲದ ಮೊಳಕೆ ಹೆಸರುಕಾಳಿನಿಂದ ಶುರು ಮಾಡುತ್ತೇನೆ. ಕಾಳು ಆಕ್ಸಿಜನ್ ಬಳಸಿದಂತೆ ಸಣ್ಣ ನಳಿಕೆಯಲ್ಲಿ ಬಣ್ಣದ ನೀರಿನ ಹನಿ ಸರಿಯುವುದನ್ನು ತೋರಿಸುತ್ತೇನೆ. ‘ಎರಡು ಅಂಕದ ಪ್ರಶ್ನೆಗೆ ಇಷ್ಟೆಲ್ಲ ಯಾಕ್ರಿ’ ಎಂದವರು, ‘ಹನಿ ಸರಿಯೋದೆಲ್ಲ ಕಾಲೇಜಿನ ಪ್ರಯೋಗ, ಹೈಸ್ಕೂಲ್‌ನಾಗ ಆಗೂದಿಲ್ಲ’ ಎಂದವರು ಶಿಕ್ಷಕರಲ್ಲೇ ಇದ್ದರು. ಈಗ ಅವರೇ ತಮ್ಮ ಶಾಲೆಗೆ ಒಂದು ಸೆಟ್ ಮಾಡಿಕೊಡಿ ಎನ್ನುತ್ತಾರೆ.

ಕೈಕೊಟ್ಟ ಪ್ರಯೋಗಗಳನ್ನು ಮೊದಲು ಹೇಳುತ್ತೇನೆ, ದುಡ್ಡು ಹೋಗುವುದು ಅಲ್ಲೇ. ಥರ್ಮಾಸ್ ಫ್ಲಾಸ್ಕಿನಲ್ಲಿ ಮೊಳಕೆಕಾಳು ಹಾಕಿ ಬಿಸಿ ಏರುವುದನ್ನು ತೋರಿಸುವುದು ಹಳೆಯ ವಿಧಾನ. ಒಂದೇ ತರಹದ ಎರಡು ಫ್ಲಾಸ್ಕ್, ಎರಡು ಥರ್ಮಾಮೀಟರ್ ಬೇಕು, ಸಾವಿರ ರೂಪಾಯಿ ಹತ್ತಿರ ಬರುತ್ತದೆ. ಉಷ್ಣತೆ ಕೆಲವು ಡಿಗ್ರಿ ಏರುವುದು ನಿಜ. ಆದರೆ ಮರುದಿನದ ಹೊತ್ತಿಗೆ ಬೇಯಿಸಿದ ಕಾಳಿನ ಫ್ಲಾಸ್ಕೂ ಬೆಚ್ಚಗಾಗತೊಡಗುತ್ತದೆ, ಏಕೆಂದರೆ ಬೆಂದ ಕಾಳಿನ ಮೇಲೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದು ಅವೂ ಉಸಿರಾಡುತ್ತವೆ. ಸತ್ತ ಕಾಳೂ ಉಸಿರಾಡುತ್ತದೆ ಎಂದು ಮಕ್ಕಳು ಬರೆದುಕೊಂಡರೆ ಹೊಸ ಗೊಂದಲ. ಡಬ್ಬಿಯೊಳಗೆ ಮೊಳಕೆಯ ಪಕ್ಕ ಸುಣ್ಣದ ತಿಳಿನೀರು ಇಡುವುದು ಅಗ್ಗ. ಆದರೆ ಬರೀ ಗಾಳಿ ತಾಗಿದರೂ ತಿಳಿನೀರಿನ ಮೇಲೆ ತೆಳು ಕೆನೆ ಕಟ್ಟುತ್ತದೆ. ಮುಚ್ಚಳ ನಾಲ್ಕು ಸಲ ತೆಗೆದು ನೋಡಿದರೆ ಮೊಳಕೆಯ ಡಬ್ಬಿ, ಬೆಂದ ಕಾಳಿನ ಡಬ್ಬಿ ಎರಡೂ ಒಂದೇ ತರಹ ಕಾಣುತ್ತವೆ. ಅಲ್ಲದೆ ಅದು ಹೊರಬಂದ ಅನಿಲವನ್ನಷ್ಟೇ ತೋರಿಸುತ್ತದೆ, ಆಕ್ಸಿಜನ್ ಖರ್ಚಾದದ್ದನ್ನು ತೋರಿಸುವುದಿಲ್ಲ.

ನನಗೆ ಕೆಲಸ ಕೊಟ್ಟದ್ದು ಸಿರಿಂಜಿನ ಸೆಟ್. 20 ಮಿಲಿಯ ಎರಡು ಸಿರಿಂಜ್, ಬರೆದು ಮುಗಿದ ಎರಡು ಪಾರದರ್ಶಕ ರಿಫಿಲ್, ಹತ್ತಿ, ಎಲೆ-ಅಡಿಕೆಗೆ ಹಚ್ಚುವ ತಾಜಾ ಸುಣ್ಣ, ಒಂದು ಹಿಡಿ ಹೆಸರುಕಾಳು, ಒಂದು ಅಗಲ ತಟ್ಟೆ. ಎಲ್ಲ ಸೇರಿ ಅರವತ್ತು ರೂಪಾಯಿ ದಾಟುವುದಿಲ್ಲ. ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಲ್ಲಿ ಡಜನ್‌ಗಟ್ಟಲೆ ಕೊಂಡರೆ ಸಿರಿಂಜ್ ಇನ್ನೂ ಅಗ್ಗ. ಕಾಳಿಗಂತೂ ಗದಗ ಸೀಮೆಯಲ್ಲಿ ಬರವಿಲ್ಲ. ಹೆಸರುಕಾಳು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಅರ್ಧ ಸೆಂಟಿಮೀಟರ್ ಬಂದಾಗ ಬಳಸಬೇಕು. ಒಂದು ಸಿರಿಂಜಿಗೆ ಸುಮಾರು 5 ಗ್ರಾಂ, ಅಂದರೆ ಐವತ್ತು ಕಾಳಿನ ಆಸುಪಾಸು. ಇನ್ನೊಂದಕ್ಕೆ ಅಷ್ಟೇ ಮೊಳಕೆಕಾಳನ್ನು ಹತ್ತು ನಿಮಿಷ ಬೇಯಿಸಿ, ಪೂರ್ತಿ ಆರಿಸಿ ಹಾಕಬೇಕು. ಅವತ್ತೇ ಬೇಯಿಸಿದ್ದಾಗಿರಲಿ.

ತುಂಬುವ ಕ್ರಮ ಹೀಗೆ. ಸಿರಿಂಜಿನ ತಳ್ಳುವ ದಟ್ಟೆಯನ್ನು ತೆಗೆದು, ಮೂತಿಯ ಕಡೆ ಸುಣ್ಣ ಸವರಿದ ಸಣ್ಣ ಹತ್ತಿ ಉಂಡೆ ಇಡಿ. ಅದರ ಮೇಲೆ ಒಣ ಹತ್ತಿಯ ಒಂದು ಪದರ ಬೇಕೇಬೇಕು. ಸುಣ್ಣ ತಾಗಿದ ಮೊಳಕೆ ಸುಟ್ಟು ಸಾಯುತ್ತದೆ, ಹನಿ ಕದಲುವುದಿಲ್ಲ. ನಂತರ ಕಾಳು, ಸಡಿಲವಾಗಿ. ದಟ್ಟೆಯನ್ನು 18ರ ಗೆರೆಯ ತನಕ ತಳ್ಳಿ, ಆಮೇಲೆ ಮೂತಿಗೆ ರಿಫಿಲ್ ಜೋಡಿಸಿ. ಜೋಡಣೆಯಲ್ಲಿ ಗಾಳಿ ಸೋರಬಾರದು. ಅದಕ್ಕೆ ಅಂಟಿಗಿಂತ ಚೊಕ್ಕಟವಾದ ಒಂದು ಉಪಾಯ ನನ್ನ ಹತ್ತಿರ ಇದೆ. ವಿಜ್ಞಾನ ಮೇಳಕ್ಕೆ ಹೋಗುವ ನಮ್ಮ ಮಕ್ಕಳ ಬಳಿ ಇರಲಿ ಎಂದು ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ. ಮೇಣ ಕರಗಿಸಿ ಸುರಿದರೂ ಕೆಲಸ ನಡೆಯುತ್ತದೆ.

ಎರಡೂ ಸಿರಿಂಜನ್ನು ನೀರಿನ ತಟ್ಟೆಯಲ್ಲಿ ಅಡ್ಡ ಮಲಗಿಸಿ, ರಿಫಿಲ್ಲಿನ ತುದಿ ಮಾತ್ರ ಅಂಚಿನ ಮೇಲೆ ಹೊರಗಿರಲಿ. ಹತ್ತು ನಿಮಿಷ ಮುಟ್ಟಬೇಡಿ. ಬಳಿಕ ತುದಿಗೆ ಬಣ್ಣದ ನೀರು ತಾಗಿಸಿ, ದಟ್ಟೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದರೆ ಒಂದು ಹನಿ ಒಳಗೆ ಕೂರುತ್ತದೆ. ಹನಿಯ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ನಿಮಿಷಕ್ಕೊಮ್ಮೆ ಹೊಸ ಗುರುತು. ಮೊಳಕೆಯ ಸಿರಿಂಜಿನ ಹನಿ ನಿಮಿಷಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಕಾಳಿನ ಕಡೆಗೆ ಸರಿಯುತ್ತದೆ, ಸೆಕೆಯ ದಿನ ಇನ್ನೂ ಜೋರು. ‘ಸರ್, ಹನಿ ಒಳಗ ಹೊಂಟೈತ್ರಿ’ ಎಂಬ ಕೂಗು ಆಗ ಬರುತ್ತದೆ.

ಎಲ್ಲರೂ ಸೋಲುವುದು ಬಿಸಿಯ ಹತ್ತಿರ. ಸಿರಿಂಜಿನೊಳಗೆ ಹತ್ತು-ಹನ್ನೆರಡು ಮಿಲಿ ಗಾಳಿ ಇರುತ್ತದೆ. ಅದು ಒಂದೇ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು 0.04 ಮಿಲಿ ಹಿಗ್ಗುತ್ತದೆ. 2 ಮಿಲಿಮೀಟರ್ ಒಳ ಅಗಲದ ರಿಫಿಲ್ಲಿನಲ್ಲಿ ಅದು ಒಂದು ಸೆಂಟಿಮೀಟರಿಗೂ ಮಿಕ್ಕಿದ ಓಟ. ಅಂದರೆ ಒಬ್ಬ ಹುಡುಗ ಸಿರಿಂಜನ್ನು ಕೈಯಲ್ಲಿ ಹಿಡಿದರೆ ಕಾಳಿನ ಎರಡು ನಿಮಿಷದ ಉಸಿರಾಟವೆಲ್ಲ ಅಳಿಸಿಹೋಗಿ ಹನಿ ಹೊರಗೇ ಓಡುತ್ತದೆ. ನೀರಿನ ತಟ್ಟೆ ಇರುವುದು ಅದಕ್ಕೆ. ಬೆಂದ ಕಾಳಿನ ಜೋಡಿ ಸಿರಿಂಜ್ ಇರುವುದೂ ಅದಕ್ಕೆ. ಹತ್ತು ನಿಮಿಷದಲ್ಲಿ ಮೊಳಕೆಯ ಹನಿ 6 ಸೆಂಟಿಮೀಟರ್, ಬೆಂದ ಕಾಳಿನ ಹನಿ 1 ಸೆಂಟಿಮೀಟರ್ ಒಳಗೆ ಬಂದಿದ್ದರೆ, ತಟ್ಟೆಯ ನೀರು ತುಸು ತಣ್ಣಗಾಗಿದೆ ಎಂದು ಅರ್ಥ. ಕಾಳಿನ ಲೆಕ್ಕಕ್ಕೆ 5 ಸೆಂಟಿಮೀಟರ್ ಮಾತ್ರ ಹಿಡಿಯಬೇಕು. ರಿಫಿಲ್ಲಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3 ಚದರ ಮಿಲಿಮೀಟರ್. 50 ಮಿಲಿಮೀಟರಿಗೆ 150 ಘನ ಮಿಲಿಮೀಟರ್, ಅಂದರೆ 0.15 ಮಿಲಿ ಆಕ್ಸಿಜನ್. ಐವತ್ತು ಕಾಳು ಗಂಟೆಗೆ 1 ಮಿಲಿಗೆ ತುಸು ಕಡಿಮೆ ಆಕ್ಸಿಜನ್ ಬಳಸಿದವು.

ಪಾಠದ ತಿರುಳು ಇರುವುದು ಮುಂದಿನ ಸುತ್ತಿನಲ್ಲಿ. ಸುಣ್ಣದ ಹತ್ತಿ ತೆಗೆದು, ಬರೀ ಒಣ ಹತ್ತಿ ಇಟ್ಟು ಅದೇ ಪ್ರಯೋಗ ಮಾಡಿ. ಹನಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಕಾಳು ಉಸಿರಾಟ ನಿಲ್ಲಿಸಿತೇ ಎಂದು ಕೇಳಿ, ಉತ್ತರ ಹೇಳದೆ ಸುಮ್ಮನಿರಿ. ಸುಣ್ಣದ ಕೆಲಸ ಏನಿತ್ತು ಎಂಬಲ್ಲಿಗೆ ಮಕ್ಕಳು ತಾವೇ ಬರುತ್ತಾರೆ. ಆಗ ಸಮೀಕರಣ ಬೋರ್ಡಿಗೆ ಬರಲಿ: C₆H₁₂O₆ + 6O₂ → 6CO₂ + 6H₂O. ಆರು ಆಕ್ಸಿಜನ್ ಒಳಗೆ ಹೋದರೆ ಆರು ಕಾರ್ಬನ್ ಡೈಆಕ್ಸೈಡ್ ಹೊರಗೆ. ಗಾತ್ರ ಸಮ, ಆದ್ದರಿಂದ ಹನಿ ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಹೊರಬಂದದ್ದನ್ನು ಸುಣ್ಣ ನುಂಗಿತ್ತು, ಹಾಗಾಗಿ ಹನಿ ಒಳಗೆ ಸರಿದಿತ್ತು. ಗಾಳಿ ಒಳಹೊರಗೆ ಹರಿಯದಿದ್ದರೂ ಕೋಶದೊಳಗೆ ಕೆಲಸ ನಡೆದೇ ಇರುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಒಂದು ಅಡ್ಡದಾರಿಯನ್ನೂ ಹೇಳಿಬಿಡುತ್ತೇನೆ. ಸುಣ್ಣವಿಲ್ಲದೆ ಮೊಳಕೆ ಶೇಂಗಾ ಹಾಕಿ ನೋಡಿ. ಹನಿ ನಿಲ್ಲುವುದಿಲ್ಲ, ನಿಧಾನವಾಗಿ ಒಳಗೆ ಬರುತ್ತದೆ. ಸುಣ್ಣ ಇದ್ದಾಗಿನ ಓಟದ ಮೂರನೇ ಒಂದು ಪಾಲು ಇರಬಹುದು. ಶೇಂಗಾದಲ್ಲಿ ಇರುವುದು ಎಣ್ಣೆ. ಎಣ್ಣೆಯ ಅಣುವಿನಲ್ಲಿ ಆಕ್ಸಿಜನ್ ಕಡಿಮೆ, ಅದನ್ನು ಒಡೆಯಲು ಹೊರಗಿನಿಂದ ಹೆಚ್ಚು ಬೇಕು. ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಷ್ಟು ಜಾಗ ತುಂಬುವುದಿಲ್ಲ. ಇನ್ನು ಹೆಸರುಕಾಳನ್ನು ನೀರು ಬಸಿಯದೆ ಹಾಗೇ ತುರುಕಿದರೆ ಹನಿ ಹೊರಗೆ ಸರಿಯುವುದೂ ಉಂಟು. ಆಕ್ಸಿಜನ್ ಸಿಗದೆ ಕಾಳು ಯೀಸ್ಟಿನ ಹಾಗೆ ಹುದುಗುವಿಕೆಗೆ ಇಳಿದಿರುತ್ತದೆ, ಏನನ್ನೂ ಒಳಗೆ ತೆಗೆದುಕೊಳ್ಳದೆ ಅನಿಲ ಮಾತ್ರ ಬಿಡುತ್ತದೆ. ಆಕ್ಸಿಜನ್ ಇಲ್ಲದೆಯೂ ಉಸಿರಾಟ ಉಂಟು ಎಂಬ ಪಾಠ ಅಲ್ಲೇ ಸಿಕ್ಕಿತು.

ಇಷ್ಟಾದ ಮೇಲೆ ಎದೆಗೆ ಬರುತ್ತೇನೆ. ಹೆಸರುಕಾಳು ಚಿಕ್ಕದು, ಆಕ್ಸಿಜನ್ ತಾನಾಗಿ ಹರಡಿಕೊಂಡು ಒಳಗೆ ತಲುಪುತ್ತದೆ. ನಮ್ಮ ತೊಡೆಯ ಸ್ನಾಯುವಿನ ತನಕ ಅದು ಹಾಗೆ ತಲುಪಲಾರದು. ಆದ್ದರಿಂದ ಗಾಳಿ ಎಳೆಯಲು ಎದೆ, ವಪೆ, ಸಾಗಿಸಲು ರಕ್ತ. ಕಮ್ಮಾರನ ತಿದಿ ಊದುವುದು ಬೇರೆ, ಕುಲುಮೆಯಲ್ಲಿ ಇದ್ದಿಲು ಉರಿಯುವುದು ಬೇರೆ. ಇದ್ದಿಲಿನ ಹಾಗೆ ಒಮ್ಮೆಲೇ ಉರಿಯದೆ, ಕೋಶದಲ್ಲಿ ಗ್ಲೂಕೋಸ್ ಹಂತಹಂತವಾಗಿ ಒಡೆದು ಶಕ್ತಿ ಎಟಿಪಿ ಆಗಿ ಕೂಡುತ್ತದೆ ಎಂಬ ತಿದ್ದುಪಡಿಯನ್ನೂ ಜೊತೆಗೇ ಹೇಳಬೇಕು. ಉಸಿರು ಬಿಗಿಹಿಡಿದ ಪ್ರಶ್ನೆಯನ್ನು ಈಗ ಮತ್ತೆ ಕೇಳಿದರೆ ತರಗತಿಯೇ ಉತ್ತರಿಸುತ್ತದೆ: ಕೋಶಗಳು ಕೆಲಸ ನಿಲ್ಲಿಸಿಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇದೆ, ಅರೆ ನಿಮಿಷಕ್ಕೋ ಒಂದು ನಿಮಿಷಕ್ಕೋ ಚಡಪಡಿಕೆ ಶುರುವಾಗುವುದು ಅದರಿಂದಲೇ.

ಎದೆ ಗಾಳಿ ಎಳೆಯುತ್ತಲೇ ಇದ್ದು ಕೋಶದ ಉಸಿರಾಟ ನಿಂತುಹೋಗುವ ಉಲ್ಟಾ ಪ್ರಕರಣಕ್ಕೆ ನಮ್ಮ ಸೀಮೆಯ ಜೋಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎಳೆ ಜೋಳ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದು ಅಥವಾ ಕೊಯ್ದ ಮೇಲೆ ಚಿಗುರಿದ ಕೂಳೆ, ದನಕ್ಕೆ ವಿಷ ಎಂದು ಒಕ್ಕಲುತನದ ಮನೆಯ ಮಕ್ಕಳಿಗೆ ಗೊತ್ತು. ಎಳೆ ಜೋಳದಲ್ಲಿರುವ ಧುರಿನ್ ಎಂಬ ವಸ್ತು, ದನ ಅಗಿದಾಗ ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಸಯನೈಡ್ ಶ್ವಾಸಕೋಶವನ್ನು ಮುಟ್ಟುವುದಿಲ್ಲ. ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಆಕ್ಸಿಜನ್ ಬಳಕೆಯಾಗುವ ಕೊನೆಯ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ದನ ಏದುಸಿರು ಬಿಡುತ್ತದೆ, ಗಾಳಿ ಚೆನ್ನಾಗಿ ಒಳಗೆ ಹೋಗುತ್ತದೆ, ರಕ್ತಕ್ಕೂ ಆಕ್ಸಿಜನ್ ಸೇರುತ್ತದೆ. ಅದನ್ನು ಬಳಸುವವರೇ ಇಲ್ಲ. ಆಕ್ಸಿಜನ್ ಹಾಗೇ ಉಳಿದುಕೊಂಡು ಅಭಿಧಮನಿಯ ರಕ್ತವೂ ಕಡುಗಪ್ಪಾಗದೆ ಹೊಳೆಯುವ ಕೆಂಪಾಗಿರುತ್ತದೆ. ಪಶುವೈದ್ಯರು ಬೇಗ ಬಂದರೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಡುತ್ತಾರೆ. ಎರಡೂ ಆ ಕಿಣ್ವದಿಂದ ಸಯನೈಡ್ ಬಿಡಿಸಿ ಹೊರಹಾಕಲು, ಎದೆಯ ಮೇಲೆ ಕೆಲಸ ಮಾಡಲು ಅಲ್ಲ. ‘ಈ ದನಕ್ಕೆ ಯಾವುದು ನಿಂತಿದೆ, ಯಾವುದು ನಡೆದಿದೆ, ರಕ್ತದ ಬಣ್ಣದಿಂದ ಹೇಗೆ ಹೇಳುತ್ತೀರಿ?’ ಘಟಕ ಪರೀಕ್ಷೆಯಲ್ಲಿ ನಾನೀಗ ಎರಡು ಕಾಲಂ ಕೇಳುವ ಬದಲು ಈ ಪ್ರಶ್ನೆ ಕೊಡುತ್ತೇನೆ.