ಒಂದು ಅಂಗುಲ, ಎರಡು ಚಾಕು: ಬೂಷ್ಟಿನ ಜೊತೆ ನನ್ನ ಮೂರು ಮಳೆಗಾಲ

ಈ ಸಲ ಆಷಾಢದಲ್ಲಿ ತಂದ ಎರಡು ಕಿಲೋ ಚೆಡ್ಡರ್ ಬ್ಲಾಕ್ ಗೌರಿ ಹಬ್ಬದವರೆಗೆ ಬಂತು. ನಡುವೆ ಎರಡು ಸಲ ಬೂಷ್ಟು ಹಿಡಿಯಿತು, ಎರಡು ಸಲವೂ ಕತ್ತರಿಸಿ ಉಳಿಸಿಕೊಂಡೆ. "ಬೂಷ್ಟು ಹಿಡಿದದ್ದನ್ನು ಮೊಮ್ಮಕ್ಕಳಿಗೆ ತಿನ್ನಿಸುತ್ತೀಯಲ್ಲ" ಎಂದು ಎರಡು ವರ್ಷ ನನ್ನನ್ನು ಬೈದ ಅತ್ತೆಯೇ ಹಬ್ಬದ ಮರುದಿನ ಕೊನೆಯ ತುಂಡನ್ನು ದೋಸೆಯ ಮೇಲೆ ತುರಿಸಿಕೊಂಡರು. ಇದನ್ನು ಬರೆಯುತ್ತಿರುವುದಕ್ಕೆ ಅರ್ಧ ಕಾರಣ ಅದೇ.

ನಮ್ಮದು ಮೂಡಿಗೆರೆ ಕಡೆಯ ತೋಟದ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಷ್ಟು, ಚಪ್ಪಲಿಗೂ ಬೂಷ್ಟು. ಕರೆಂಟು ಹೋದರೆ ಕೆಲವೊಮ್ಮೆ ಮಾರನೆಯ ದಿನವೇ ಬರುವುದು. ಪೇಟೆಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ, ಹಾಗಾಗಿ ತರುವುದೆಲ್ಲ ಹೆಚ್ಚಾಗಿಯೇ ತರಬೇಕು. ಚೀಸ್ ಮಾತ್ರ ಮಗಳ ಕಡೆಯಿಂದ ಬರುತ್ತದೆ. ನೀಲಗಿರಿಯಲ್ಲಿ ಮಾಡುವವರೊಬ್ಬರಿಂದ ಇಡೀ ಬ್ಲಾಕ್ ತರಿಸುತ್ತಾಳೆ, ಕಿಲೋಗೆ ಹೆಚ್ಚುಕಡಿಮೆ ಏಳುನೂರು ರೂಪಾಯಿ. ಎಸೆಯುವಾಗ ಕೈ ನಡುಗುವಷ್ಟು ಬೆಲೆ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಹಸಿರು ಚುಕ್ಕೆ ಕಂಡಿತು, ಚಾಕುವಿನಿಂದ ಕೆರೆದೆ, ಒರೆಸಿದೆ, ಅದೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗಿಟ್ಟೆ. ಮೂರೋ ನಾಲ್ಕೋ ದಿನಕ್ಕೆ ಕೆರೆದ ಕಡೆಯೆಲ್ಲ ಹಸಿರು ಬಳಿದಂತಾಗಿತ್ತು. ಮತ್ತೆ ಕೆರೆದೆ. ಕೊನೆಗೆ ಮುಕ್ಕಾಲು ಕಿಲೋ ಎಸೆಯಬೇಕಾಯಿತು, ಐನೂರು ರೂಪಾಯಿಗೂ ಮೇಲೆ. ಮೇಲೆ ಕಾಣುವುದು ಬೂಷ್ಟಿನ ಹೂವು ಮಾತ್ರ, ದಾರದಂಥ ಬೇರು ಒಳಗಿರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕೆರೆದೆ. ಕೆರೆದಾಗ ಆ ಹೂವಿನ ಪುಡಿಯನ್ನು ಬ್ಲಾಕ್‌ನ ಮೈಗೆಲ್ಲ ನಾನೇ ಸವರಿದ್ದೆ.

ಎರಡನೆಯ ವರ್ಷ ಒಂದು ಅಂಗುಲದ ಲೆಕ್ಕ ಹಿಡಿದೆ. ಚುಕ್ಕೆಯ ಸುತ್ತಲೂ, ಚುಕ್ಕೆಯ ಕೆಳಗೂ ಕಡಿಮೆಯೆಂದರೆ ಒಂದು ಅಂಗುಲ ಬಿಟ್ಟು ಕತ್ತರಿಸುವುದು. ಅಮೆರಿಕದ ಕೃಷಿ ಇಲಾಖೆ ಗಟ್ಟಿ ಚೀಸ್‌ಗೆ ಹೇಳುವುದೂ ಇದನ್ನೇ. ಚೆಡ್ಡರ್, ಪಾರ್ಮೆಸಾನ್‌ನಂಥವು ಒತ್ತಾಗಿ, ಒಣಗಿಕೊಂಡಿರುವುದರಿಂದ ಬೇರು ಬಹಳ ಆಳಕ್ಕೆ ಹೋಗುವುದಿಲ್ಲ. ಆದರೂ ನನ್ನ ಬ್ಲಾಕ್ ವಾರದಲ್ಲೇ ಮತ್ತೆ ಹಿಡಿಯಿತು. ಅಂಗುಲದ್ದೆಲ್ಲ ಸುಳ್ಳು ಎಂದು ಓರಗಿತ್ತಿ ನಕ್ಕಳು.

ತಪ್ಪು ಅಂಗುಲದಲ್ಲಿರಲಿಲ್ಲ. ಚುಕ್ಕೆಯನ್ನು ಗುಂಡಿ ತೋಡಿದಂತೆ ತೆಗೆಯುತ್ತಿದ್ದೆ. ಗುಂಡಿ ತೋಡುವಾಗ ಚಾಕುವಿನ ಮೈ ಒಂದಲ್ಲ ಒಂದು ಕಡೆ ಬೂಷ್ಟಿಗೆ ತಾಗುತ್ತದೆ, ತಾಗಿದ ಚಾಕು ಅದನ್ನು ಹೊಸ ಮೈಗೆ ಒಯ್ಯುತ್ತದೆ. ಇದು ಹೊಳೆಯುವುದಕ್ಕೆ ನನಗೆ ಒಂದು ಮಳೆಗಾಲ ಬೇಕಾಯಿತು.

ಈಗ ಮಾಡುವುದು ಹೀಗೆ. ಈ ವರ್ಷದ ಮೊದಲ ಚುಕ್ಕೆಯನ್ನೇ ಹೇಳುತ್ತೇನೆ: ಬ್ಲಾಕ್‌ನ ಒಂದು ತುದಿಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟಗಲ, ನಡುವೆ ಬೂದು ಹಸಿರು, ಅಂಚಿನಲ್ಲಿ ಬಿಳಿ. ಮೂಸಲಿಲ್ಲ. ಮೂಸಿದರೆ ಪುಡಿ ನೇರ ಮೂಗಿಗೆ ಹೋಗುತ್ತದೆ. ಹಳೆಯ ಪತ್ರಿಕೆ ಹಾಸಿ, ಸುತ್ತಿದ್ದ ಕಾಗದವನ್ನು ಒಳ್ಳೆಯ ತುದಿಯಿಂದ ಅರ್ಧಕ್ಕೆ ಬಿಡಿಸಿದೆ. ಬೂಷ್ಟಿನ ತುದಿಯ ಕಾಗದವನ್ನು ಹಾಗೆಯೇ ಬಿಟ್ಟು ಅದನ್ನೇ ಹಿಡಿಕೆಯಂತೆ ಎಡಗೈಯಲ್ಲಿ ಹಿಡಿದೆ. ಹೆಬ್ಬೆರಳಿನ ಮೇಲಿನ ಗೆಣ್ಣು ಸುಮಾರು ಒಂದು ಅಂಗುಲ. ತುದಿಯಿಂದ ಒಂದು ಗೆಣ್ಣು ಮತ್ತು ಸ್ವಲ್ಪ ಅಳೆದು, ಉದ್ದನೆಯ ಚಾಕುವಿನಿಂದ ಇಡೀ ತುದಿಯನ್ನೇ ಬ್ರೆಡ್ ಹೋಳಿನಂತೆ ಒಂದೇ ಏಟಿಗೆ ಇಳಿಸಿದೆ. ಚಾಕು ಬೂಷ್ಟಿನ ಹತ್ತಿರವೂ ಸುಳಿಯಲಿಲ್ಲ. ಹೋದ ಹೋಳು ಕಾಲು ಕಿಲೋಗಿಂತ ತುಸು ಹೆಚ್ಚು, ಅಂದರೆ ಇನ್ನೂರು ರೂಪಾಯಿಯ ಹತ್ತಿರ. ಗುಂಡಿ ತೋಡಿದ್ದರೆ ನೂರು ಗ್ರಾಂನಲ್ಲಿ ಮುಗಿಯುತ್ತಿತ್ತೇನೋ, ಆದರೆ ವಾರದೊಳಗೆ ಉಳಿದದ್ದೂ ಹೋಗುತ್ತಿತ್ತು.

ಹೋಳನ್ನು ಕಾಗದದ ಸಮೇತ ಮುಚ್ಚಿ ತೊಟ್ಟಿಗೆ ಹಾಕಿ ಕೈ ತೊಳೆದು ಬಂದೆ. ಆಮೇಲೆ ಬ್ಲಾಕನ್ನು ಮುಟ್ಟಿದ್ದು ಎರಡನೆಯ ಚಾಕು, ಬೇರೆ ಹಲಗೆ, ಹೊಸ ಬೆಣ್ಣೆ ಕಾಗದ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತುವುದನ್ನು ಬಿಟ್ಟಿದ್ದೇನೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರೊಳಗೆ ಚೀಸ್ ಬೆವರುತ್ತದೆ, ಆ ನೀರೇ ಬೂಷ್ಟಿಗೆ ಬೇಕಾದದ್ದು. ಬೆಣ್ಣೆ ಕಾಗದ ಸುತ್ತಿ ಸಡಿಲ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ, ವಾರಕ್ಕೊಮ್ಮೆ ಕಾಗದ ಬದಲಿಸುತ್ತೇನೆ. ಡಬ್ಬಿಯ ಮೂಲೆಯಲ್ಲಿ ಇನ್ನೊಂದು ಪೊಟ್ಟಣವನ್ನೂ ಇಡುತ್ತೇನೆ. ಅದರಲ್ಲಿ ಏನಿದೆ ಎಂದು ಓರಗಿತ್ತಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಈ ವಿದ್ಯೆ ದೊಡ್ಡ ತುಂಡಿಗೆ ಮಾತ್ರ. ಮಗಳು ತಂದಿದ್ದ ಪಾರ್ಮೆಸಾನ್ ಇನ್ನೂರು ಗ್ರಾಂನ ಸಣ್ಣ ತುಂಡು, ಎರಡು ಮಗ್ಗುಲಲ್ಲಿ ಚುಕ್ಕೆ. ಎರಡೂ ಕಡೆ ಅಂಗುಲ ಬಿಟ್ಟು ನೋಡಿದರೆ ಉಳಿಯುವುದು ಬೆಂಕಿಪೆಟ್ಟಿಗೆಯಷ್ಟೂ ಇಲ್ಲ. ಹೊಟ್ಟೆ ಉರಿದರೂ ಎಸೆದೆ. ಬ್ಲಾಕ್‌ನಲ್ಲಿ ಬಿರುಕಿದ್ದು ಬೂಷ್ಟು ಅದರೊಳಗೆ ಇಳಿದಿದ್ದರೂ ಹಾಗೆಯೇ, ಅಂಗುಲವನ್ನು ಎಲ್ಲಿಂದ ಅಳೆಯುವುದು? ತುರಿದಿಟ್ಟ ಚೀಸ್, ಹೋಳು ಮಾಡಿಟ್ಟ ಚೀಸ್, ಪನೀರ್, ಹಚ್ಚುವ ಚೀಸ್ ಇವುಗಳಲ್ಲಿ ಒಂದು ಚುಕ್ಕೆ ಕಂಡರೂ ಪೂರ್ತಿ ಹೊರಗೆ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಸಂಸ್ಕರಿಸಿದ ಚೀಸ್ ಕ್ಯೂಬುಗಳನ್ನೂ ನಾನು ಈ ಸಾಲಿಗೇ ಸೇರಿಸಿದ್ದೇನೆ. ನೀಲಿ ಚೀಸ್‌ನಂತೆ ಬೂಷ್ಟು ಹಾಕಿಯೇ ಮಾಡುವ ಚೀಸ್‌ಗಳ ಲೆಕ್ಕ ಬೇರೆ, ಅವು ನಮ್ಮ ಮನೆಗೆ ಬರುವುದಿಲ್ಲ.

ಬೂಷ್ಟೇ ಅಲ್ಲದ್ದನ್ನು ಬೂಷ್ಟೆಂದು ಎಸೆದ ಕಥೆಯೂ ಇದೆ. ಚೆಡ್ಡರ್ ಮೇಲೆ ಬಿಳಿ ಪುಡಿ ಚೆಲ್ಲಿದಂತಿತ್ತು. ಒಂದು ಕಿಲೋದಷ್ಟು ಗುಂಡಿಗೆ ಹಾಕಿಸಿದೆ. ಆಮೇಲೆ ಮಗಳು ಹೇಳಿದಳು, "ಅಮ್ಮ, ಅದು ಕ್ಯಾಲ್ಸಿಯಂ ಲ್ಯಾಕ್ಟೇಟ್ ಹರಳು, ಹಳೆಯ ಚೆಡ್ಡರ್‌ಗೆ ಬರುವುದೇ." ಏಳುನೂರು ರೂಪಾಯಿಯ ಪಾಠ. ಈಗ ಬೆರಳಿಗೆ ಕಾಗದ ಸುತ್ತಿ ಒತ್ತಿ ನೋಡುತ್ತೇನೆ. ಹರಳಾದರೆ ಸಣ್ಣ ಮರಳಿನಂತೆ ಗರಗರ ಅನ್ನುತ್ತದೆ. ಬೂಷ್ಟಾದರೆ ತುಪ್ಪುಳದಂತಿದ್ದು ಸವರಿಕೊಳ್ಳುತ್ತದೆ, ಎರಡು ದಿನ ಬಿಟ್ಟರೆ ಬಣ್ಣ ತಿರುಗಿ ಹರಡುತ್ತದೆ.

ತರಕಾರಿಯಲ್ಲಿ ಹಣಕ್ಕಿಂತ ಹದಿನೈದು ದಿನದ ಚಿಂತೆ ದೊಡ್ಡದು. ಕ್ಯಾರೆಟ್ ಗಟ್ಟಿಯಾದ್ದರಿಂದ ಅದಕ್ಕೂ ಅಂಗುಲದ ಲೆಕ್ಕವೇ. ಆದರೆ ಅದರ ದಪ್ಪವೇ ಹೆಚ್ಚುಕಡಿಮೆ ಒಂದು ಅಂಗುಲ, ಹಾಗಾಗಿ ಮಗ್ಗುಲಲ್ಲಿ ಚುಕ್ಕೆ ಬಂದರೆ ಕೆತ್ತುವುದರಲ್ಲಿ ಅರ್ಥವಿಲ್ಲ. ಚುಕ್ಕೆಯ ಆಚೆ ಈಚೆ ಒಂದೊಂದು ಅಂಗುಲ ಬಿಟ್ಟು ಆ ಭಾಗವನ್ನೇ ಅಡ್ಡಕ್ಕೆ ಕತ್ತರಿಸಿ ತೆಗೆಯುತ್ತೇನೆ. ಉಳಿದ ತುಂಡು ಮುರಿದರೆ ಟಕ್ ಎನ್ನಬೇಕು. ಬಾಗಿದರೆ, ಅಂಟಿದರೆ ಅದೂ ಹೊರಗೆ. ಎಲೆಕೋಸಿನ ಹೊರ ಎಲೆಯ ಬೂಷ್ಟಿಗೆ ಒಂದೆರಡು ಎಲೆ ಸುಲಿದರೆ ಸಾಲದು, ಅಂಗುಲದಷ್ಟು ಆಳಕ್ಕೆ ಸುಲಿಯಬೇಕು. ನಂತರ ಎರಡು ಹೋಳು ಮಾಡಿ ನೋಡುತ್ತೇನೆ. ದಂಟಿನ ನಡುವೆ ಕಂದು ಬಣ್ಣ ಇಳಿದಿದ್ದರೆ ನಾನು ಇಟ್ಟುಕೊಳ್ಳುವುದಿಲ್ಲ, ಎಲ್ಲ ಎಲೆಗಳೂ ಅದಕ್ಕೇ ಅಂಟಿಕೊಂಡಿರುತ್ತವಲ್ಲ. ದೊಣ್ಣೆ ಮೆಣಸಿನಕಾಯಿಯನ್ನೂ ಗಟ್ಟಿ ತರಕಾರಿಗಳ ಪಟ್ಟಿಗೇ ಸೇರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಳಗೆ ಬೀಜದ ಸುತ್ತ ಬಿಳಿ ನೂಲು ಕಂಡರೆ ಇಡೀ ಕಾಯಿ ಎಸೆಯುತ್ತೇನೆ. ಸೌತೆ, ಟೊಮೆಟೊ ಎರಡೂ ನೀರಿನ ಚೀಲಗಳು, ಅವುಗಳಲ್ಲಿ ಕತ್ತರಿಸುವ ಮಾತೇ ಇಲ್ಲ. ಕಾಣುವ ಚುಕ್ಕೆಯಿಂದ ಬೇರು ಎಷ್ಟು ದೂರ ಓಡಿದೆಯೆಂದು ತಿಳಿಯುವುದಿಲ್ಲ, ಜೊತೆಗೆ ಬ್ಯಾಕ್ಟೀರಿಯಾವೂ ಸೇರಿರಬಹುದು.

ಮೆತ್ತನೆಯ ಹಣ್ಣಿನಲ್ಲಿ ನಾನು ಸೋತದ್ದನ್ನು ಒಪ್ಪಿಕೊಳ್ಳುತ್ತೇನೆ. ಒಂದು ಫೆಬ್ರವರಿಯಲ್ಲಿ ಮೈದುನ ಮಹಾಬಲೇಶ್ವರದಿಂದ ಎರಡು ಕಿಲೋ ಸ್ಟ್ರಾಬೆರಿ ತಂದ. ಮೂರನೆಯ ದಿನ ಹತ್ತಿಪ್ಪತ್ತು ಹಣ್ಣುಗಳ ಮೇಲೆ ಬೂದಿ ಬಣ್ಣದ ತುಪ್ಪುಳ. ಆ ಹಣ್ಣುಗಳ ಕೆಟ್ಟ ಭಾಗ ಕತ್ತರಿಸಿ, ಸಕ್ಕರೆ ಹಾಕಿ ಜಾಮ್ ಕುದಿಸಿದೆ. ಕುದಿಸಿದರೆ ಬೂಷ್ಟು ಸಾಯುತ್ತದೆ ಎಂಬ ಧೈರ್ಯ. ಸಾಯುವುದೇನೋ ನಿಜ, ಆದರೆ ಕೆಲವು ಬೂಷ್ಟುಗಳು ಬಿಟ್ಟುಹೋಗುವ ವಿಷ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಸೇಬಿನ ನೀಲಿ ಕೊಳೆಯಲ್ಲಿ ಹುಟ್ಟುವ ಪಾಟುಲಿನ್ ಅಂಥದ್ದೇ. ಸ್ಟ್ರಾಬೆರಿಯಲ್ಲಿ ಅದಿತ್ತೋ ಇಲ್ಲವೋ, ರುಚಿಯೇ ಉತ್ತರ ಕೊಟ್ಟಿತು: ಹಳೆಯ ಗೋಣಿಚೀಲದ ವಾಸನೆ. ಮೂರು ಬಾಟಲಿ ಜಾಮ್, ಒಂದು ಕಿಲೋ ಸಕ್ಕರೆ, ಅರ್ಧ ದಿನದ ಗ್ಯಾಸ್, ಎಲ್ಲ ಗುಂಡಿಗೆ. ಈಗ ತುಪ್ಪುಳ ಬಂದ ಹಣ್ಣನ್ನೂ ಅದಕ್ಕೆ ಒತ್ತಿಕೊಂಡಿದ್ದ ಹಣ್ಣುಗಳನ್ನೂ ತೆಗೆದುಹಾಕಿ, ಉಳಿದವನ್ನು ಒಂದೊಂದಾಗಿ ತಿರುಗಿಸಿ ನೋಡಿ ಅಂದೇ ಖಾಲಿ ಮಾಡಿಸುತ್ತೇನೆ. ತಂದ ದಿನವೇ ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಸೇರಿಸಿ ಅದ್ದಿ, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿಟ್ಟರೆ ಎರಡು ಮೂರು ದಿನ ಹೆಚ್ಚು ಬಾಳುತ್ತವೆ. ಸರಿಯಾಗಿ ಆರದಿದ್ದರೆ ತೊಳೆಯದೆ ಇಟ್ಟದ್ದಕ್ಕಿಂತ ಬೇಗ ಕೆಡುತ್ತವೆ, ಅದನ್ನೂ ನೋಡಿದ್ದೇನೆ.

ಫ್ರಿಜ್‌ನ ಒಳಗನ್ನು ತಿಂಗಳಿಗೊಮ್ಮೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಒರೆಸುತ್ತೇನೆ. ಬಾಗಿಲಿನ ರಬ್ಬರ್ ಮಡಿಕೆಯ ಕಪ್ಪನ್ನು ಉಜ್ಜಿ ತೆಗೆಯದೆ ಮೇಲಿನ ಯಾವ ಕಸರತ್ತೂ ನನ್ನ ಮನೆಯಲ್ಲಿ ನಿಲ್ಲಲಿಲ್ಲ. ಉಸಿರಾಟದ ತೊಂದರೆಯಿರುವ ಮಾವನಿಗೆ, ಬಸುರಿಯಾಗಿದ್ದಾಗ ಸೊಸೆಗೆ, ಕತ್ತರಿಸಿ ಉಳಿಸಿದ್ದನ್ನು ಕೊಟ್ಟಿಲ್ಲ. ಅವರ ಪಾಲಿಗೆ ಬೂಷ್ಟು ಕಂಡದ್ದೆಲ್ಲ ಹೊರಗೇ.

ಎಸೆದದ್ದನ್ನು ಹಸುವಿಗೆ ಹಾಕಬೇಕೆಂಬುದು ಅತ್ತೆಯ ಕೊನೆಯ ಹಟವಾಗಿತ್ತು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ರೂಪ ಬದಲಿಸಿ ಹಾಲಿಗೂ ಬರುತ್ತದೆ ಎಂದು ಪಶುವೈದ್ಯರು ಅವರೆದುರೇ ಹೇಳಿದ ಮೇಲೆ ಸುಮ್ಮನಾದರು. ಮೊನ್ನೆ ಕ್ಯಾರೆಟ್ ಹಿಡಿದು ಬಂದು, ಚುಕ್ಕೆಯ ಪಕ್ಕ ತಮ್ಮ ಹೆಬ್ಬೆರಳಿಟ್ಟು ಕೇಳಿದರು: "ನನ್ನ ಗೆಣ್ಣು ನಿನ್ನದಕ್ಕಿಂತ ಚಿಕ್ಕದು. ಒಂದೂಕಾಲು ಹಿಡಿಯಲೇ?"